ಹಳೆಯ ಅಚ್ಚು ಅಳಿಸಿ ಹೊಸ ಡಿಸೈನ್ ಕೂರಿಸುವಾಗ ಮಡಿಕೆಯ ಮ್ಯಾಪ್ ಹೇಗಿರಬೇಕು?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಟೀ-ಶರ್ಟ್‌ಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಡುವ ಸಣ್ಣ ಅಂಗಡಿ. ಬಿಳಿ ಟೀ-ಶರ್ಟ್ ಮೇಲೆ ಕೆಂಪು ಬಣ್ಣದ ದುಂಡನೆಯ ಲಾಂಛನ ಹಾಕಿ, ಹುಡುಗನೊಬ್ಬನಿಗೆ ತೊಡಿಸಿ ತೆಗೆದ ಹಳೆಯ ಫೋಟೊ ಇದೆ. ಅದೇ ಫೋಟೊದಲ್ಲಿ ಲಾಂಛನ ತೆಗೆದು, ಅಡಿಕೆ ಮರದ ಗೆರೆಚಿತ್ರವೂ ಎರಡು ಸಾಲು ಅಕ್ಷರಗಳೂ ಇರುವ ಹಸಿರು ಡಿಸೈನ್ ಕೂರಿಸಿ ಗಿರಾಕಿಗೆ ತೋರಿಸಬೇಕು. ಫೋಟೊಶಾಪ್‌ನಲ್ಲಿ ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಅದನ್ನೇ ಮ್ಯಾಪ್ ಆಗಿ ಕೊಟ್ಟು ಡಿಸ್‌ಪ್ಲೇಸ್ ಫಿಲ್ಟರ್ ಹಾಕಿದೆ. ಅಕ್ಷರಗಳ ಅಂಚು ಗೆದ್ದಲು ತಿಂದ ಹಾಗಾಯಿತು. ಹಳೆಯ ಲಾಂಛನದ ಆಕಾರ ಹೊಸ ಅಕ್ಷರಗಳಲ್ಲಿ ಮೂಡಿತು. ಡಿಸೈನ್ ಪೂರ್ತಿ ಒಂದು ಪಕ್ಕಕ್ಕೆ ಸರಿಯಿತು. ಸಂಖ್ಯೆ ಹೆಚ್ಚಿಸಿದಷ್ಟೂ ಕೆಡುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳೂ ಫಿಲ್ಟರಿನವಲ್ಲ, ಡಿಸೈನನ್ನು ಎಲ್ಲಿ ಎಷ್ಟು ಸರಿಸಬೇಕೆಂದು ಅದಕ್ಕೆ ಹೇಳುವ ಬೂದು ಚಿತ್ರವಾದ ಮ್ಯಾಪ್‌ನವು. ಡಿಸ್‌ಪ್ಲೇಸ್ ಫಿಲ್ಟರ್ ಅಂಗಿಯನ್ನು ನೋಡಿ ಮಡಿಕೆ ಎಲ್ಲಿದೆಯೆಂದು ತಾನೇ ಕಂಡುಕೊಳ್ಳುತ್ತದೆ ಎಂಬ ನಂಬಿಕೆ ಈ ಕೆಲಸಕ್ಕೆ ಹೊಸದಾಗಿ ಕೈಹಾಕಿದ ಬಹುತೇಕರಲ್ಲಿ ಇರುತ್ತದೆ. ವಾಸ್ತವವಾಗಿ ಅದಕ್ಕೆ ಬಟ್ಟೆಯ ಪರಿಚಯವೇ ಇಲ್ಲ. ಅದು ಓದುವುದು ಒಂದೊಂದು ಪಿಕ್ಸೆಲ್‌ನ ಬೂದು ಬಣ್ಣದ ಬೆಲೆಯನ್ನು ಮಾತ್ರ. ಆ ಬೆಲೆ 0ಯಿಂದ 255ರವರೆಗೆ ಇರುತ್ತದೆ. ನಟ್ಟನಡುವಿನ 128 ಇದ್ದಲ್ಲಿ ಡಿಸೈನ್ ಕದಲುವುದಿಲ್ಲ, ಅದಕ್ಕಿಂತ ಕಪ್ಪಾದಲ್ಲಿ ಒಂದು ದಿಕ್ಕಿಗೂ ಬೆಳ್ಳಗಾದಲ್ಲಿ ಅದರ ಎದುರು ದಿಕ್ಕಿಗೂ ಸರಿಯುತ್ತದೆ. ಎಷ್ಟು ಸರಿಯಬೇಕೆಂಬುದನ್ನು ನೀವು ಕೊಡುವ ಸ್ಕೇಲ್ ಸಂಖ್ಯೆ ನಿರ್ಧರಿಸುತ್ತದೆ. ಸ್ಕೇಲ್ 100 ಆದರೆ ಗರಿಷ್ಠ ಸರಿತ 128 ಪಿಕ್ಸೆಲ್. ಅಂದರೆ ಬೂದು ಬೆಲೆಯಿಂದ 128 ಕಳೆದು, ಉಳಿದದ್ದನ್ನು ಸ್ಕೇಲ್‌ನಿಂದ ಗುಣಿಸಿ 100ರಿಂದ ಭಾಗಿಸಿದರೆ ಆ ಜಾಗ ಎಷ್ಟು ಪಿಕ್ಸೆಲ್ ಸರಿಯುತ್ತದೆಂದು ತಿಳಿಯುತ್ತದೆ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಮೂರೂ ದೋಷಗಳ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಪಕ್ಕಕ್ಕೆ ಸರಿದ ದೋಷವನ್ನೇ ತೆಗೆದುಕೊಳ್ಳಿ. ಬಿಳಿ ಟೀ-ಶರ್ಟ್ ಫೋಟೊದಲ್ಲಿ ಅಪ್ಪಟ ಬಿಳಿಯಾಗಿ ಇರುವುದಿಲ್ಲ. ಎದೆಯ ಭಾಗದ ಸರಾಸರಿ ಬೆಲೆ 208ರ ಸುತ್ತ, ಆಳದ ಮಡಿಕೆ 160, ಬೆಳಕು ಬಿದ್ದ ಏರು 236 ಇದೆಯೆಂದು ಇಟ್ಟುಕೊಳ್ಳೋಣ. ಸ್ಕೇಲ್ 10 ಕೊಟ್ಟಾಗ 208 ಇರುವ ಜಾಗವೆಲ್ಲ 8 ಪಿಕ್ಸೆಲ್ ಸರಿಯುತ್ತದೆ, 160 ಇರುವ ಮಡಿಕೆಯ ತಳ 3 ಪಿಕ್ಸೆಲ್ ಸರಿಯುತ್ತದೆ, 236 ಇರುವ ಏರು 11 ಪಿಕ್ಸೆಲ್ ಹತ್ತಿರ ಸರಿಯುತ್ತದೆ. ಎಲ್ಲವೂ 128ಕ್ಕಿಂತ ಮೇಲಿರುವುದರಿಂದ ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತವೆ. ನಿಮಗೆ ಬೇಕಾಗಿದ್ದದ್ದು ಏರಿಗೂ ತಗ್ಗಿಗೂ ನಡುವಿನ ವ್ಯತ್ಯಾಸ. ಸಿಕ್ಕಿದ್ದು ಅದರಷ್ಟೇ ದೊಡ್ಡದಾದ ಒಟ್ಟು ಸರಿತ. ಸಂಖ್ಯೆಯನ್ನು ಹೆಚ್ಚಿಸಿದಾಗ ಎರಡೂ ಒಟ್ಟಿಗೆ ಹೆಚ್ಚುತ್ತವೆ, ಆದ್ದರಿಂದ ಡಿಸೈನ್ ಬಾಗುವುದಕ್ಕಿಂತ ಮೊದಲು ಜಾಗ ಬಿಟ್ಟು ಹೋದದ್ದೇ ಕಣ್ಣಿಗೆ ಹೊಡೆಯುತ್ತದೆ.

ಅಂಚು ಹರಿದಂತಾಗಲು ಕಾರಣ ಬಟ್ಟೆಯ ಹೆಣಿಗೆ. ಹತ್ತಿಯ ಟೀ-ಶರ್ಟನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಿದರೆ ಪ್ರತಿ ಕುಣಿಕೆಯ ಬೆಳಕು-ನೆರಳು ಕೆಲವೇ ಪಿಕ್ಸೆಲ್‌ಗಳ ಅಂತರದಲ್ಲಿ ಬದಲಾಗುತ್ತಿರುವುದು ಕಾಣುತ್ತದೆ, ಅದರ ಮೇಲೆ ಕ್ಯಾಮೆರಾದ ಕಣಕಣ ಗದ್ದಲ ಬೇರೆ. ಫಿಲ್ಟರಿಗೆ ಇವೂ ಆಜ್ಞೆಗಳೇ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಲ್ಲಿ ಒಂದು ಹೆಚ್ಚಾಗಿಯೂ ಇನ್ನೊಂದು ಕಡಿಮೆಯಾಗಿಯೂ ಎಳೆದರೆ ಅಕ್ಷರದ ನೇರ ಅಂಚು ಚೂರುಚೂರಾಗುತ್ತದೆ. ಹಳೆಯ ಲಾಂಛನ ಮೂಡಿದ್ದಕ್ಕೂ ಇದೇ ವಿವರಣೆ. ಕೆಂಪು ಶಾಯಿಯನ್ನು ಕಪ್ಪು-ಬಿಳುಪು ಮಾಡಿದಾಗ ಅದು ಗಾಢ ಬೂದಾಗುತ್ತದೆ. ಆ ಬೂದನ್ನು ಫಿಲ್ಟರ್ ದೊಡ್ಡದೊಂದು ಗುಳಿಯೆಂದು ಓದಿ, ಲಾಂಛನದ ಗಡಿ ಇದ್ದಲ್ಲೆಲ್ಲ ಹೊಸ ಅಕ್ಷರಗಳನ್ನು ಮುರಿಯುತ್ತದೆ. ಫೋಟೊದಲ್ಲಿ ಲಾಂಛನವನ್ನು ಅಳಿಸಿದ್ದರೂ ಅಳಿಸುವ ಮೊದಲಿನ ಪ್ರತಿಯಿಂದ ಮ್ಯಾಪ್ ಮಾಡಿದ್ದರೆ ಫಲಿತಾಂಶ ಇದೇ ಆಗಿರುತ್ತದೆ.

ಮಲೆನಾಡಿನಲ್ಲಿ ತೆಗೆದ ಫೋಟೊಗಳಲ್ಲಿ ಇನ್ನೊಂದು ತೊಡಕು ಪದೇಪದೇ ಕಾಣುತ್ತದೆ, ನಿಮ್ಮ ಫೋಟೊದಲ್ಲಿಯೂ ಇರಬಹುದು. ತೋಟದ ಅಂಚಿನಲ್ಲಿ ನಿಲ್ಲಿಸಿ ತೆಗೆದಿದ್ದರೆ ಅಡಿಕೆ ಸೋಗೆಯ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಅಂಗಿಯ ಮೇಲೆ ಇರುತ್ತವೆ. ಅವು ಮಡಿಕೆಗಳಲ್ಲ, ಆದರೆ ಮ್ಯಾಪ್‌ನಲ್ಲಿ ಮಡಿಕೆಗಳಿಗಿಂತ ಜೋರಾಗಿ ಮಾತನಾಡುತ್ತವೆ. ಅಂಥ ಫೋಟೊವನ್ನು ಈ ಕೆಲಸಕ್ಕೆ ಬಳಸದಿರುವುದೇ ಲೇಸು. ಮಳೆಗಾಲದ ಮೋಡದ ಬೆಳಕಿನಲ್ಲಿ ಜಗಲಿಯ ಮೇಲೆ ತೆಗೆದಿದ್ದರೆ ತೊಂದರೆ ತಿರುಗುಮುರುಗು: ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ಮಡಿಕೆಯ ಏರಿಗೂ ತಗ್ಗಿಗೂ ಬೂದಿನಲ್ಲಿ ಅಲ್ಪವೇ ಅಂತರವಿರುತ್ತದೆ. ಇಂಥ ಫೋಟೊದಿಂದ ಮ್ಯಾಪ್ ಮಾಡಬಹುದು, ಆದರೆ ಅಂತರವನ್ನು ಹಿಗ್ಗಿಸಬೇಕಾಗುತ್ತದೆ, ಹಿಗ್ಗಿಸಿದಾಗ ಗದ್ದಲವೂ ಹಿಗ್ಗುತ್ತದೆ.

ಈಗ ನಿಮ್ಮ ಫೋಟೊವನ್ನೇ ಹಿಡಿದು ಮ್ಯಾಪ್ ಕಟ್ಟೋಣ. ಫೋಟೊ ಸುಮಾರು 4000 ಪಿಕ್ಸೆಲ್ ಅಗಲ, ಎದೆಯ ಮೇಲೆ ಡಿಸೈನ್ ಕೂರುವ ಜಾಗ ಸುಮಾರು 1500 ಪಿಕ್ಸೆಲ್ ಅಗಲ ಎಂದು ಭಾವಿಸುತ್ತೇನೆ. ನಿಮ್ಮದು ಬೇರೆಯಾಗಿದ್ದರೆ ಮುಂದೆ ಬರುವ ಪಿಕ್ಸೆಲ್ ಅಳತೆಗಳನ್ನು ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಹಳೆಯ ಅಚ್ಚು ಕೆಂಪು ಬಣ್ಣದ್ದಾಗಿರುವುದು ನಿಮ್ಮ ಅದೃಷ್ಟ. ಫೋಟೊದ ಪ್ರತಿ ಮಾಡಿಕೊಂಡು `Channels` ಫಲಕ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಹಸಿರು ಮತ್ತು ನೀಲಿ ಚಾನೆಲ್‌ಗಳಲ್ಲಿ ಲಾಂಛನ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಮಾತ್ರ ಬಹುಪಾಲು ಮಾಯವಾಗಿರುತ್ತದೆ; ಏಕೆಂದರೆ ಕೆಂಪು ಶಾಯಿಯೂ ಬಿಳಿ ಬಟ್ಟೆಯೂ ಕೆಂಪು ಬೆಳಕನ್ನು ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತವೆ. ಆದರೆ ಅಲ್ಲಿರುವ ಮಡಿಕೆಯ ನೆರಳು ಮಾಯವಾಗುವುದಿಲ್ಲ, ನೆರಳು ಮೂರು ಬಣ್ಣಗಳನ್ನೂ ಕುಗ್ಗಿಸುತ್ತದೆ. ಹೀಗಾಗಿ ಲಾಂಛನದ ಅಡಿಯಲ್ಲಿ ಅಡಗಿದ್ದ ಮಡಿಕೆಗಳು ಕೆಂಪು ಚಾನೆಲ್‌ನಲ್ಲಿ ತಮ್ಮಷ್ಟಕ್ಕೆ ಸಿಗುತ್ತವೆ. `Image > Mode > Grayscale` ಎಂದು ನೇರವಾಗಿ ಮಾಡಿದಾಗ ಮೂರೂ ಚಾನೆಲ್‌ಗಳು ಬೆರೆತು ಲಾಂಛನ ಮರಳಿ ಬರುತ್ತದೆ, ಆದ್ದರಿಂದ ಕೆಂಪು ಚಾನೆಲ್ಲನ್ನು ಮಾತ್ರ ಎತ್ತಿ ಹೊಸ ಫೈಲಿಗೆ ಹಾಕಿಕೊಳ್ಳಿ. ಹೊಸ ಫೈಲ್ ಮೂಲ ಫೋಟೊದಷ್ಟೇ ಉದ್ದಗಲ ಇರಬೇಕು, ಕತ್ತರಿಸಬೇಡಿ.

ಲಾಂಛನ ಪೂರ್ತಿ ಮಾಯವಾಗಿರುವುದಿಲ್ಲ. ಬಟ್ಟೆ 215 ಇರುವಲ್ಲಿ ಶಾಯಿ 200 ಇದ್ದೀತು. ಇಷ್ಟು ಚಿಕ್ಕ ಅಂತರ ಪರವಾಗಿಲ್ಲವೆಂದು ಬಿಟ್ಟರೆ, ಮುಂದೆ ಅಂತರಗಳನ್ನು ಹಿಗ್ಗಿಸುವಾಗ ಅದು ಮತ್ತೆ ಮೇಲೇಳುತ್ತದೆ. ಮೂಲ ಬಣ್ಣದ ಫೋಟೊದಲ್ಲಿ `Select > Color Range`ನಿಂದ ಕೆಂಪನ್ನು ಆಯ್ದು, ಅಂಚನ್ನು ಒಂದೆರಡು ಪಿಕ್ಸೆಲ್ ಮೆತ್ತಗೆ ಮಾಡಿ, ಆ ಆಯ್ಕೆಯನ್ನು ಬೂದು ಫೈಲಿಗೆ ತನ್ನಿ. `Levels` ತೆರೆದು ಬಲತುದಿಯ ಬಿಳಿ ಗುಂಡಿಯನ್ನು 255ರಿಂದ 237ರ ತನಕ ಎಳೆದರೆ 200 ಇದ್ದದ್ದು 215 ಆಗುತ್ತದೆ. ಬ್ರಷ್‌ನಿಂದ ಬಿಳಿ ಬಳಿಯುವ ಬದಲು ಹೀಗೆ ಮಾಡಲು ಕಾರಣವಿದೆ: ಶಾಯಿ ಬೆಳಕನ್ನು ಒಂದು ಪ್ರಮಾಣದಲ್ಲಿ ಕುಗ್ಗಿಸಿದೆ, ನಾವೂ ಅದೇ ಪ್ರಮಾಣದಲ್ಲಿ ಹಿಂದಿರುಗಿಸಿದರೆ ನೆರಳಿನಲ್ಲಿ 140 ಇದ್ದದ್ದು 150ಕ್ಕೆ ಏರುತ್ತದೆ, ಮಡಿಕೆ ಅಳಿಯದೆ ಶಾಯಿಯ ಕಪ್ಪು ಮಾತ್ರ ಹೋಗುತ್ತದೆ. ಆಯ್ಕೆಯ ಗಡಿಯಲ್ಲಿ ಸಣ್ಣ ಗೆರೆ ಉಳಿದರೆ `Healing Brush`ನಿಂದ ಸವರಿ. ಹಳೆಯ ಶಾಯಿ ದಪ್ಪನೆಯ ಪ್ಲಾಸ್ಟಿಸಾಲ್ ಆಗಿದ್ದರೆ ಅದರ ಹೊಳಪೂ ಬಿರುಕೂ ಯಾವ ಚಾನೆಲ್‌ನಲ್ಲಿಯೂ ಮಾಯವಾಗುವುದಿಲ್ಲ, ಅಲ್ಲಿ ಕೈಕೆಲಸವೇ ಗತಿ.

ಇಲ್ಲಿಯವರೆಗಿನ ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಫೋಟೊದಿಂದಲೇ ಲಾಂಛನ ಅಳಿಸಲು ಅದು ಬೇಕು. ಈ ಬೂದು ಚಿತ್ರವನ್ನು ಮೂಲ ಫೋಟೊದ ಮೇಲೆ ಲೇಯರ್ ಆಗಿ ಇಟ್ಟು, ಮಾಸ್ಕ್ ಹಾಕಿ ಲಾಂಛನದ ಜಾಗಕ್ಕೆ ಮಾತ್ರ ಸೀಮಿತಗೊಳಿಸಿದರೆ, ನಿಜವಾದ ಮಡಿಕೆಗಳಿರುವ ಖಾಲಿ ಅಂಗಿ ಸಿಗುತ್ತದೆ. ಬಣ್ಣ ಮಾತ್ರ ಸ್ವಲ್ಪ ಬೇರೆಯಾಗಿ ಕಂಡೀತು. ತೋಟದ ಪಕ್ಕದ ಬೆಳಕಿನಲ್ಲಿ ಬಿಳಿ ಬಟ್ಟೆಗೆ ಹಸಿರು ಛಾಯೆ ಇದ್ದೇ ಇರುತ್ತದೆ, ಅದನ್ನು `Curves`ನಲ್ಲಿ ಚಾನೆಲ್‌ವಾರು ಹೊಂದಿಸಿ ಸುತ್ತಲಿನ ಬಟ್ಟೆಗೆ ಸೇರಿಸಬೇಕು. ಅಂಗಿಯ ಬೇರೆ ಕಡೆಯಿಂದ ಬಟ್ಟೆ ತಂದು ತೇಪೆ ಹಾಕುವ ಕ್ರಮಕ್ಕಿಂತ ಇದು ಮೇಲು, ಏಕೆಂದರೆ ತೇಪೆಯಲ್ಲಿ ಬರುವುದು ಬೇರೆ ಜಾಗದ ಮಡಿಕೆ.

ಮ್ಯಾಪ್‌ಗೆ ಬೇಕಾದ ಪ್ರತಿಯಲ್ಲಿ ಮುಂದಿನ ಕೆಲಸ ಹೆಣಿಗೆಯನ್ನು ಕರಗಿಸುವುದು. `Filter > Blur > Gaussian Blur` ಹಾಕಿ. ನಮ್ಮ ಅಳತೆಯ ಫೋಟೊದಲ್ಲಿ ತ್ರಿಜ್ಯ 8ರಿಂದ 12 ಪಿಕ್ಸೆಲ್ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಸಂಖ್ಯೆಗಿಂತ ಕಣ್ಣನ್ನು ನಂಬಿ: ಚಿತ್ರವನ್ನು 100 ಶೇಕಡಾ ಗಾತ್ರದಲ್ಲಿ ಇಟ್ಟುಕೊಂಡು, ಹೆಣಿಗೆ ಪೂರ್ತಿ ಕರಗಿ, ನಿಮಗೆ ಬೇಕಾದ ಅತಿ ಸಣ್ಣ ಮಡಿಕೆ ಇನ್ನೂ ಉಳಿದಿರುವ ಹಂತದಲ್ಲಿ ನಿಲ್ಲಿ. ಕಡಿಮೆಯಾದರೆ ಅಂಚು ಮತ್ತೆ ಹರಿಯುತ್ತದೆ. ಹೆಚ್ಚಾದರೆ ಮಡಿಕೆಗಳು ಉಬ್ಬುತಗ್ಗುಗಳಾಗಿ, ಡಿಸೈನ್ ನೀರಿನಲ್ಲಿ ತೇಲುತ್ತಿರುವಂತೆ ಅಲೆಯಾಗುತ್ತದೆ. ಸಂದೇಹವಿದ್ದರೆ ಸ್ವಲ್ಪ ಹೆಚ್ಚಿನ ಕಡೆಗೇ ವಾಲಿ. ದಪ್ಪ ಶಾಯಿ ಬಟ್ಟೆಯನ್ನು ಬಿಗಿಗೊಳಿಸುವುದರಿಂದ ನಿಜವಾದ ಅಚ್ಚಿನ ಮೇಲೆಯೂ ಸಣ್ಣ ಸುಕ್ಕುಗಳು ಖಾಲಿ ಬಟ್ಟೆಯಷ್ಟು ಬೀಳುವುದಿಲ್ಲ.

ಕೊನೆಯದಾಗಿ ಮ್ಯಾಪ್‌ನ ನಡುವನ್ನು 128ಕ್ಕೆ ತರಬೇಕು. ಪಕ್ಕಕ್ಕೆ ಸರಿಯುವ ದೋಷಕ್ಕೆ ಮದ್ದು ಇದೇ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಡಿಸೈನ್ ಕೂರುವ ಜಾಗವನ್ನು ಆಯ್ದು `Histogram` ಫಲಕದ ವಿಸ್ತೃತ ನೋಟದಲ್ಲಿ `Mean` ಎಷ್ಟಿದೆ ನೋಡಿ. ಮೊದಲು ಹೇಳಿದಂತೆ 208 ಇದೆ, ಮಡಿಕೆ 160, ಏರು 236 ಎಂದುಕೊಂಡರೆ, ಆಯ್ಕೆಯನ್ನು ತೆಗೆದು ಇಡೀ ಚಿತ್ರಕ್ಕೆ `Levels`ನಲ್ಲಿ ಕಪ್ಪು ಗುಂಡಿಯನ್ನು 150ಕ್ಕೂ ಬಿಳಿ ಗುಂಡಿಯನ್ನು 245ಕ್ಕೂ ತಂದು, ನಡುವಿನ ಗುಂಡಿಯನ್ನು 0.7ರ ಹತ್ತಿರ ಇಡಿ. ಸರಾಸರಿ 128ರ ಆಸುಪಾಸಿಗೆ ಇಳಿಯುತ್ತದೆ, ಮಡಿಕೆಯ ತಳ 11ರ ಸುತ್ತ, ಏರು 222ರ ಸುತ್ತ ನಿಲ್ಲುತ್ತವೆ. ಈಗ ಸ್ಕೇಲ್ 10 ಕೊಟ್ಟರೆ ತಗ್ಗು ಒಂದು ಕಡೆಗೆ ಸುಮಾರು 12 ಪಿಕ್ಸೆಲ್, ಏರು ಎದುರು ಕಡೆಗೆ ಸುಮಾರು 9 ಪಿಕ್ಸೆಲ್ ಸರಿಯುತ್ತವೆ, ಸಮತಟ್ಟಾದ ಬಟ್ಟೆಯ ಮೇಲಿನ ಅಕ್ಷರ ಇದ್ದಲ್ಲೇ ಇರುತ್ತದೆ. ನೀವು ಮೊದಲು ಕೊಟ್ಟಿದ್ದ ಮ್ಯಾಪ್‌ನಲ್ಲಿ ಅದೇ ಸ್ಕೇಲ್‌ಗೆ ತಗ್ಗಿಗೂ ಏರಿಗೂ ನಡುವೆ 8 ಪಿಕ್ಸೆಲ್‌ಗಿಂತ ಕಡಿಮೆ ವ್ಯತ್ಯಾಸವಿತ್ತು. ಈಗ ಸಂಖ್ಯೆಯನ್ನು ಮುಟ್ಟದೆಯೇ ಅದು 21 ಆಗಿದೆ. ಅಂಗಿಯ ಹೊರಗಿನ ಹಿನ್ನೆಲೆ ಈ ಹೊತ್ತಿಗೆ ವಿಕಾರವಾಗಿ ಕಾಣುತ್ತದೆ, ಅಲ್ಲಿ ಡಿಸೈನ್ ಇಲ್ಲದ ಕಾರಣ ಚಿಂತೆಯಿಲ್ಲ. ಎಲ್ಲ ಲೇಯರ್‌ಗಳನ್ನು `Flatten Image`ನಿಂದ ಒಂದು ಮಾಡಿ ಪಿಎಸ್‌ಡಿ ಫೈಲಾಗಿ ಉಳಿಸಿ. ಫಿಲ್ಟರ್ ಓದುವುದು ತೆರೆಯ ಮೇಲಿರುವ ಚಿತ್ರವನ್ನಲ್ಲ, ಹೀಗೆ ಉಳಿಸಿದ ಫೈಲನ್ನು. ಮ್ಯಾಪ್ ತಿದ್ದಿದ ಪ್ರತಿ ಸಲವೂ ಮತ್ತೆ ಉಳಿಸಿ ಮತ್ತೆ ಫಿಲ್ಟರ್ ಹಾಕಬೇಕು.

ಡಿಸೈನನ್ನು ಖಾಲಿ ಅಂಗಿಯ ಮೇಲೆ ಇಟ್ಟಾಗ, ಮೊದಲು ಮೈಯ ಆಕಾರಕ್ಕೆ ಹೊಂದಿಸಿ, ಆಮೇಲೆ ಮಡಿಕೆಗೆ. ಹುಡುಗ ಸ್ವಲ್ಪ ಓರೆಯಾಗಿ ನಿಂತಿದ್ದರೆ ಎದೆಯ ಆ ತಿರುವನ್ನು `Edit > Transform > Warp` ನೋಡಿಕೊಳ್ಳಬೇಕೇ ಹೊರತು ಡಿಸ್‌ಪ್ಲೇಸ್ ಅಲ್ಲ; ಹತ್ತಿಪ್ಪತ್ತು ಪಿಕ್ಸೆಲ್‌ಗಳ ಸರಿತದಿಂದ ದೇಹದ ತಿರುವು ಬರುವುದಿಲ್ಲ. ಜಾಗ ಮತ್ತು ಗಾತ್ರ ಅಂತಿಮವಾದ ಮೇಲೆ ಲೇಯರನ್ನು `Convert to Smart Object` ಮಾಡಿ, ಯಾವ ಆಯ್ಕೆಯೂ ಸಕ್ರಿಯವಾಗಿಲ್ಲವೆಂದು ಖಾತ್ರಿಪಡಿಸಿಕೊಂಡು `Filter > Distort > Displace` ತೆರೆಯಿರಿ. ಆಯ್ಕೆ ಉಳಿದಿದ್ದರೆ ಮ್ಯಾಪ್ ಅದರ ಅಳತೆಗೆ ಹಿಗ್ಗಿ ಅಥವಾ ಕುಗ್ಗಿ, ಬಾಗು ಒಂದು ಕಡೆ, ಮಡಿಕೆ ಇನ್ನೊಂದು ಕಡೆ ಆಗುತ್ತದೆ. ಇದನ್ನು ಪತ್ತೆಹಚ್ಚಲು ಡಿಸೈನ್ ಲೇಯರಿನ ಅಪಾರದರ್ಶಕತೆಯನ್ನು ಅರ್ಧಕ್ಕೆ ಇಳಿಸಿ, ಅಕ್ಷರ ಮುರಿದ ಜಾಗ ಬಟ್ಟೆಯ ಮಡಿಕೆಯ ಮೇಲೆಯೇ ಇದೆಯೇ ಎಂದು ನೋಡಿದರೆ ಸಾಕು.

ಆ ಪೆಟ್ಟಿಗೆಯಲ್ಲಿ `Horizontal Scale` ಮತ್ತು `Vertical Scale` ಎಂಬ ಎರಡು ಸಂಖ್ಯೆಗಳಿರುತ್ತವೆ. ಎರಡರಲ್ಲಿಯೂ 10 ಎಂದು ಬಿಟ್ಟುಬಿಡುವುದು ರೂಢಿ. ಬೂದು ಮ್ಯಾಪ್‌ನಲ್ಲಿ ಅದರ ಅರ್ಥ ಎಲ್ಲವೂ ಒಂದೇ ಓರೆ ದಿಕ್ಕಿನಲ್ಲಿ ಸರಿಯಲಿ ಎಂದು. ಬಟ್ಟೆ ಹಾಗೆ ನಡೆದುಕೊಳ್ಳುವುದಿಲ್ಲ. ಭುಜದಿಂದ ಕೆಳಕ್ಕೆ ಇಳಿದ ಉದ್ದ ಮಡಿಕೆಯಲ್ಲಿ ಬಟ್ಟೆ ಒಳಸೇರುವುದು ಅಡ್ಡಕ್ಕೆ. ಹಾಗಾಗಿ ಅದರ ಮೇಲಿನ ಅಕ್ಷರ ಮುಖ್ಯವಾಗಿ ಅಡ್ಡಕ್ಕೆ ಹಿಸುಕಿಕೊಳ್ಳುತ್ತದೆ. ಕ್ಯಾಮೆರಾ ಎದೆಯ ಮಟ್ಟದಲ್ಲಿ ನೇರವಾಗಿದ್ದರೆ ಸಾಲು ಮೇಲೆ-ಕೆಳಗೆ ಕುಣಿಯುವುದು ಕಡಿಮೆ. ಕುಳಿತವರ ಹೊಟ್ಟೆಯ ಅಡ್ಡ ಮಡಿಕೆಗಳಲ್ಲಿ ಇದರ ತದ್ವಿರುದ್ಧ. ನಿಮ್ಮ ಫೋಟೊದಲ್ಲಿ ಹುಡುಗ ನಿಂತಿದ್ದು ಉದ್ದ ಮಡಿಕೆಗಳೇ ಹೆಚ್ಚಾಗಿದ್ದರೆ ಅಡ್ಡಕ್ಕೆ 10, ಉದ್ದಕ್ಕೆ 3 ಅಥವಾ 4ರಿಂದ ಆರಂಭಿಸಿ. ಕಂಕುಳಿನಿಂದ ಎಳೆದ ಓರೆ ಮಡಿಕೆಗಳಿದ್ದರೆ ಎರಡನ್ನೂ ಹತ್ತಿರಹತ್ತಿರ ಇಡಬಹುದು, ಆದರೆ ಎಡಗಡೆಯ ಓರೆಗೂ ಬಲಗಡೆಯ ಓರೆಗೂ ದಿಕ್ಕು ಬೇರೆಯಾದ್ದರಿಂದ ಒಂದು ಕಡೆ ಸರಿಬಂದದ್ದು ಇನ್ನೊಂದು ಕಡೆ ಅಷ್ಟಾಗಿ ಹೊಂದದೆ ಹೋಗಬಹುದು. ಬಾಗು ತಲೆಕೆಳಗಾಗಿ ಬಂದಂತೆ ಕಂಡರೆ, ಅಂದರೆ ಅಕ್ಷರ ಹಿಸುಕಬೇಕಾದಲ್ಲಿ ಹಿಗ್ಗಿದರೆ, ಸಂಖ್ಯೆಯ ಮುಂದೆ ಋಣ ಚಿಹ್ನೆ ಹಾಕಿ. ಬೆಳಕು ಎಡದಿಂದ ಬಂದಿದೆಯೋ ಬಲದಿಂದಲೋ ಎಂಬುದರ ಮೇಲೆ ಇದು ನಿಂತಿದೆ, ಮೊದಲೇ ಹೇಳಲಾಗದು. ಕೆಳಗಿನ ಆಯ್ಕೆಗಳಲ್ಲಿ `Stretch To Fit` ಮತ್ತು `Repeat Edge Pixels` ಇರಲಿ.

ಸ್ಕೇಲ್ ಹೆಚ್ಚಿದಷ್ಟೂ ನೈಜತೆ ಹೆಚ್ಚುತ್ತದೆ ಎಂಬುದು ಎರಡನೆಯ ತಪ್ಪು ನಂಬಿಕೆ. ಅಕ್ಷರದ ಗೆರೆಯ ದಪ್ಪಕ್ಕೆ ಹೋಲಿಸಿ ತೀರ್ಮಾನಿಸುವುದು ನನ್ನ ಪದ್ಧತಿ: ಗೆರೆ 20 ಪಿಕ್ಸೆಲ್ ದಪ್ಪವಿದ್ದರೆ, ಸರಿತ ಅದರ ಅರ್ಧದಷ್ಟಾಗುವ ಹೊತ್ತಿಗೆ ಮಡಿಕೆಯ ಅರಿವು ಚೆನ್ನಾಗಿ ಬರುತ್ತದೆ, ಅದನ್ನು ಮೀರಿದರೆ ಒತ್ತು, ಕೊಂಬುಗಳು ಅಕ್ಷರದಿಂದ ಬೇರ್ಪಟ್ಟಂತೆ ಕಾಣತೊಡಗುತ್ತವೆ. ಕನ್ನಡದ ದುಂಡು ಅಕ್ಷರಗಳಲ್ಲಿ ಈ ವಿಕಾರ ಬೇಗ ಗೊತ್ತಾಗುತ್ತದೆ. ಅಡಿಕೆ ಮರದ ನೇರ ಕಾಂಡ ಇದಕ್ಕಿಂತಲೂ ಕಟ್ಟುನಿಟ್ಟಿನ ಪರೀಕ್ಷಕ. ಅದು ಗಾಳಿಯಲ್ಲಿ ನಡುಗಿದಂತೆ ಕಂಡರೆ ಬ್ಲರ್ ಸಾಲದು ಅಥವಾ ಸ್ಕೇಲ್ ಹೆಚ್ಚಾಗಿದೆ. ಇನ್ನೊಂದು ಮಾತು: ಸರಿತದ ಅಳತೆ ಪಿಕ್ಸೆಲ್‌ನಲ್ಲಿರುವುದರಿಂದ ವಾಟ್ಸಾಪ್‌ನಲ್ಲಿ ಬಂದ 1000 ಪಿಕ್ಸೆಲ್ ಅಗಲದ ಫೋಟೊಗೆ ಇದೇ 10 ವಿಪರೀತ, ಅಲ್ಲಿ 2 ಅಥವಾ 3 ಸಾಕು. ಯಾರೋ ಕೊಟ್ಟ ಸಂಖ್ಯೆ ನಿಮ್ಮ ಫೋಟೊಗೆ ಹೊಂದದಿರುವುದಕ್ಕೆ ಇದು ಮುಖ್ಯ ಕಾರಣ. ಜಿಂಪ್ ಬಳಸುವವರಿಗೆ ಇದೇ ಸೌಲಭ್ಯ `Filters > Map > Displace`ನಲ್ಲಿದೆ. ಅಲ್ಲಿ ಗರಿಷ್ಠ ಸರಿತವನ್ನು ನೇರವಾಗಿ ಪಿಕ್ಸೆಲ್‌ನಲ್ಲೇ ಕೇಳುತ್ತದೆ, ಮ್ಯಾಪ್ ಕಟ್ಟುವ ಕ್ರಮದಲ್ಲಿ ವ್ಯತ್ಯಾಸವಿಲ್ಲ.

ಇಷ್ಟಾದ ಮೇಲೂ ಡಿಸೈನ್ ಅಂಟಿಸಿದ ಕಾಗದದಂತೆ ಕಾಣುವುದು ಸಹಜ, ಏಕೆಂದರೆ ಡಿಸ್‌ಪ್ಲೇಸ್ ಜಾಗವನ್ನು ಬದಲಿಸುತ್ತದೆಯೇ ವಿನಾ ನೆರಳನ್ನು ತರುವುದಿಲ್ಲ. ಬಿಳಿ ಬಟ್ಟೆಯ ಮೇಲಿನ ಹಸಿರು ಶಾಯಿಗೆ ಲೇಯರಿನ ಬೆರಕೆಯನ್ನು `Multiply` ಮಾಡಿದರೆ ಮಡಿಕೆಯ ನೆರಳೂ ಹೆಣಿಗೆಯೂ ಅಕ್ಷರದ ಮೂಲಕ ಕಾಣತೊಡಗುತ್ತವೆ. ಕೇವಲ `Multiply` ಸಾಕು, ಮ್ಯಾಪ್ ಯಾಕೆ ಎನ್ನುವವರೂ ಇದ್ದಾರೆ. ದೊಡ್ಡ ಮಡಿಕೆಯನ್ನು ನೇರ ಗೆರೆಯೊಂದು ಬಾಗದೆ ದಾಟಿಹೋಗುವುದನ್ನು ಗಿರಾಕಿ ವಿವರಿಸಲಾರದಿದ್ದರೂ ಗಮನಿಸುತ್ತಾರೆ. `Multiply`ನ ಅಪಾಯ ಬಣ್ಣದಲ್ಲಿದೆ. ಬಟ್ಟೆ 255ರ ಬದಲು 208 ಇರುವುದರಿಂದ ನಿಮ್ಮ ಹಸಿರಿನ ಬೆಲೆಗಳಲ್ಲಿ ಸುಮಾರು ಐದನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಗಿರಾಕಿಗೆ ಒಪ್ಪಿಸಿದ ಹಸಿರಿಗಿಂತ ಮಂಕಾಗಿ ಕಾಣುತ್ತದೆ. ಡಿಸೈನ್ ಲೇಯರಿಗೆ ಮಾತ್ರ `Curves` ಜೋಡಿಸಿ, ಸಮತಟ್ಟಾದ ಬಟ್ಟೆಯ ಮೇಲೆ ಹಸಿರು ತನ್ನ ನಿಜವಾದ ಬಣ್ಣಕ್ಕೆ ಬರುವಷ್ಟು ಎತ್ತಿ. ಕಪ್ಪು ಅಂಗಿಯ ಮೇಲೆ ಬಿಳಿ ಶಾಯಿ ತೋರಿಸಬೇಕಾದರೆ `Multiply` ಕೆಲಸಕ್ಕೆ ಬಾರದು, ಡಿಸೈನೇ ಮಾಯವಾಗುತ್ತದೆ. ಅಲ್ಲಿ ಡಿಸೈನನ್ನು `Normal`ನಲ್ಲಿಯೇ ಇಟ್ಟು, ಮಡಿಕೆಯ ಬೂದು ಚಿತ್ರವನ್ನು ಅದರ ಮೇಲೆ ಪ್ರತ್ಯೇಕ ನೆರಳಾಗಿ ಕಟ್ಟಬೇಕು.

ಮ್ಯಾಪ್‌ನಿಂದ ಆಗದ ಕೆಲಸವೊಂದಿದೆ. ಬಟ್ಟೆ ತನ್ನ ಮೇಲೆಯೇ ಮಡಚಿಕೊಂಡು ಒಂದು ಭಾಗವನ್ನು ಪೂರ್ತಿ ಮುಚ್ಚಿದಲ್ಲಿ ಅಚ್ಚಿನ ಆ ಭಾಗ ಕಾಣಬಾರದು. ಡಿಸ್‌ಪ್ಲೇಸ್ ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು, ಮರೆಮಾಡಲಾರದು. ಅಂಥ ಕಡೆ ಅಕ್ಷರ ಮಡಿಕೆಯೊಳಗೆ ಇಳಿದು ಮತ್ತೆ ಹತ್ತಿ ಬಂದಂತೆ ಎಳೆದಾಡಿಕೊಂಡು ಕಾಣುತ್ತದೆ. ಇದಕ್ಕೆ ಡಿಸೈನನ್ನು ಆ ಮಡಿಕೆಯ ಗೆರೆಯಲ್ಲಿ ಎರಡು ಲೇಯರ್ ಮಾಡಿ, ಮುಚ್ಚಿಹೋದ ಬಟ್ಟೆ ಅಂದಾಜು 40 ಪಿಕ್ಸೆಲ್ ಅನ್ನಿಸಿದರೆ ಬಲಗಡೆಯ ಭಾಗವನ್ನು ಅಷ್ಟೇ ಎಡಕ್ಕೆ ತಳ್ಳಿ, ಮೇಲೆ ಬಂದ ಬಟ್ಟೆಯ ಅಂಚಿನುದ್ದಕ್ಕೂ ಮಾಸ್ಕ್ ಹಾಕಿ ಮರೆಮಾಡಿ. ಅಕ್ಷರದ ಒಂದು ಚೂರು ಕಾಣೆಯಾಗುತ್ತದೆ, ಆಗಲೇಬೇಕು. ಎರಡೂ ಭಾಗಗಳಿಗೆ ಅದೇ ಮ್ಯಾಪ್‌ನ ಫಿಲ್ಟರ್ ಬೇರೆಬೇರೆಯಾಗಿ ಹಾಕಿ. ಗಿರಾಕಿ ಊರಿನ ಹೆಸರಿನ ಅಕ್ಷರವೇ ಮಡಿಕೆಯಲ್ಲಿ ಹೋಯಿತೆಂದು ತಕರಾರು ಮಾಡುವ ಸಾಧ್ಯತೆಯಿದ್ದರೆ, ಡಿಸೈನನ್ನು ಎರಡು ಬೆರಳು ಮೇಲಕ್ಕೆ ಕೂರಿಸುವುದು ಮಾಸ್ಕ್‌ಗಿಂತ ಸುಲಭದ ದಾರಿ.

ಹಳೆಯ ಅಚ್ಚು ಕಪ್ಪು ಶಾಯಿಯದ್ದಾಗಿದ್ದರೆ, ಅಥವಾ ನಾಲ್ಕಾರು ಬಣ್ಣಗಳದ್ದಾಗಿದ್ದರೆ ಯಾವ ಚಾನೆಲ್ಲೂ ಕೈಹಿಡಿಯುವುದಿಲ್ಲ. ಆಗ ಇರುವ ದಾರಿ ಎರಡು. ಒಂದು, 128ರ ಬೂದು ತುಂಬಿದ ಖಾಲಿ ಲೇಯರಿನ ಮೇಲೆ, ಅಚ್ಚಿನ ಹೊರಗೆ ಕಾಣುವ ಮಡಿಕೆಗಳನ್ನು ಒಳಕ್ಕೆ ಮುಂದುವರಿಸುತ್ತ ಮೆತ್ತನೆಯ ಬ್ರಷ್‌ನಿಂದ ಮ್ಯಾಪನ್ನು ಕೈಯಲ್ಲೇ ಬರೆಯುವುದು. ಹೆಣಿಗೆಯ ಗದ್ದಲವಿಲ್ಲದ, ಬಹಳ ಸ್ವಚ್ಛವಾದ ಮ್ಯಾಪ್ ಹೀಗೆ ಸಿಗುತ್ತದೆ. ಆದರೆ ಅದೇ ಮಡಿಕೆಗಳನ್ನು ಫೋಟೊದ ಬಟ್ಟೆಯಲ್ಲಿಯೂ ನೆರಳಾಗಿ ಬರೆಯಬೇಕು, ಎರಡೂ ಹೊಂದದಿದ್ದರೆ ಅಕ್ಷರ ಬಾಗಿದ ಕಡೆ ಬಟ್ಟೆ ಸಪಾಟಾಗಿ ಉಳಿದು ಕೆಲಸ ಬಯಲಾಗುತ್ತದೆ. ಇನ್ನೊಂದು, ಖಾಲಿ ಟೀ-ಶರ್ಟ್ ತೊಡಿಸಿ ಹೊಸದಾಗಿ ಫೋಟೊ ತೆಗೆಯುವುದು. ಅಂಗಡಿ ನಿಮ್ಮದೇ ಆಗಿರುವುದರಿಂದ ನಾನು ಎರಡನೆಯದನ್ನೇ ಹೇಳುತ್ತೇನೆ, ಕೆಂಪು ಲಾಂಛನದ ಈ ಫೋಟೊ ಕೈಗೂಡಿದರೂ ಸಹ. ಒಮ್ಮೆ ಮ್ಯಾಪ್ ಕಟ್ಟಿಟ್ಟರೆ ಮುಂದಿನ ಡಿಸೈನ್‌ಗಳಿಗೆಲ್ಲ ಅದೇ ಸಾಕು. ಸ್ಮಾರ್ಟ್ ಆಬ್ಜೆಕ್ಟಿನ ಒಳಗೆ ಡಿಸೈನ್ ಬದಲಿಸಿ ಉಳಿಸಿದರೆ ಫಿಲ್ಟರ್ ತಾನೇ ಅನ್ವಯವಾಗುತ್ತದೆ.

ಹಾಗೆ ತೆಗೆಯುವಾಗ ಹುಡುಗನನ್ನು ಕಿಟಕಿಯ ಪಕ್ಕ, ಬೆಳಕು ಒಂದೇ ಬದಿಯಿಂದ ಓರೆಯಾಗಿ ಬೀಳುವಂತೆ ನಿಲ್ಲಿಸಿ, ಎದುರು ಬದಿಯಲ್ಲಿ ಬಿಳಿ ಗೋಡೆ ಇಲ್ಲದಂತೆ ನೋಡಿಕೊಳ್ಳಿ. ಕ್ಯಾಮೆರಾ ಎದೆಯ ಮಟ್ಟದಲ್ಲಿರಲಿ. ಬಿಳಿ ಬಟ್ಟೆ ಚೆನ್ನಾಗಿ ಬೆಳ್ಳಗೆ ಬರಲೆಂದು ಬೆಳಕು ಏರಿಸಬೇಡಿ. 255 ಮುಟ್ಟಿದ ಜಾಗದಲ್ಲಿ ಮಡಿಕೆಯ ಗುರುತೇ ಉಳಿದಿರುವುದಿಲ್ಲ, ಅದನ್ನು ಆಮೇಲೆ ಯಾವ `Levels` ಕೂಡ ಹೊರತೆಗೆಯಲಾರದು. ಅತಿ ಬೆಳ್ಳಗಿರುವ ಏರು 240ರ ಒಳಗೆ ನಿಲ್ಲುವಷ್ಟು ಕತ್ತಲಾಗಿಯೇ ತೆಗೆಯಿರಿ, ಗಿರಾಕಿಗೆ ತೋರಿಸುವ ಪ್ರತಿಯನ್ನು ಎಲ್ಲ ಮುಗಿದ ಮೇಲೆ ಬೆಳ್ಳಗೆ ಮಾಡಿಕೊಳ್ಳಬಹುದು.